ಶುಕ್ರವಾರದ ಇಂಗ್ಲಿಷ್ ಕ್ಲಬ್: ಎಲ್ಲರಿಗೂ ಮಾತಿನ ಪಾಲು

ಮೊದಲು ಒಂದು ಸಣ್ಣ ಲೆಕ್ಕ. ಕ್ಲಬ್‌ಗೆ 30 ಜನ ಬಂದಿದ್ದಾರೆ, ಸಮಯ ಒಂದು ಗಂಟೆ. ಒಬ್ಬೊಬ್ಬರೇ ಎದ್ದು ಬಂದು ಮಾತಾಡಿದರೆ ತಲೆಗೆ 2 ನಿಮಿಷ. ಅದೂ ಕಾಗದದ ಮೇಲೆ. ಹಾಜರಿ, ಚಪ್ಪಾಳೆ, ‘ಈಗ ಯಾರು ಬರ್ತೀರಿ’ ಅಂತ ಕಾಯೋದು, ನಡುವೆ ನಮ್ಮ ಬುದ್ಧಿವಾದ, ಇದೆಲ್ಲ ಕಳೆದರೆ ಒಂದು ನಿಮಿಷ ಉಳಿದರೆ ಜಾಸ್ತಿ. ಒಂದು ನಿಮಿಷ ಮಾತಾಡೋಕೆ 59 ನಿಮಿಷ ಸುಮ್ನೆ ಕೂರಬೇಕು. ಅಷ್ಟಕ್ಕೆ ಕ್ಲಬ್ ಯಾಕೆ, ಕ್ಲಾಸೇ ಸಾಕಲ್ವಾ?

ಅದೇ 30 ಜನರನ್ನು ಇಬ್ಬಿಬ್ಬರಾಗಿ ಎದುರುಬದುರು ಕೂರಿಸಿ. ಈಗ ಯಾವ ಗಳಿಗೆಯಲ್ಲಿ ನೋಡಿದರೂ 15 ಜನ ಮಾತಾಡುತ್ತಿರುತ್ತಾರೆ. ಆಟದ ನಿಯಮ ಹೇಳೋಕೆ, ಜಾಗ ಬದಲಿಸೋಕೆ ಹೋಗುವ ಸಮಯವನ್ನು ಕಳೆದರೂ ಒಬ್ಬೊಬ್ಬರ ಪಾಲಿಗೆ 20 ನಿಮಿಷ ಬರುತ್ತದೆ. ಮೇಷ್ಟ್ರು ಅವರೇ, ಹುಡುಗರು ಅವರೇ, ಸಮಯವೂ ಅಷ್ಟೇ. ಬದಲಾಗಿದ್ದು ಕುರ್ಚಿಗಳ ದಿಕ್ಕು.

ನಾನು ಪಾಠ ಮಾಡುವುದು ಚಿಕ್ಕಬಳ್ಳಾಪುರ ಕಡೆಯ ಒಂದು ತಾಲ್ಲೂಕು ಊರಿನ ಡಿಗ್ರಿ ಕಾಲೇಜಿನಲ್ಲಿ. ಸುತ್ತಲ ಹಳ್ಳಿಗಳಿಂದ ಬಸ್ಸಿನಲ್ಲಿ ಬರುವ ಮಕ್ಕಳೇ ಹೆಚ್ಚು. ಅನೇಕರ ಮನೆಮಾತು ತೆಲುಗು, ಕೆಲವರದು ಉರ್ದು, ಓದಿದ್ದು ಕನ್ನಡ ಮಾಧ್ಯಮದಲ್ಲಿ. ಇಂಗ್ಲಿಷ್ ಅವರಿಗೆ ಮೂರನೇ ಭಾಷೆ. ಬರೆಯೋದು ಹೇಗೋ ಬರುತ್ತದೆ, ಪರೀಕ್ಷೆ ಪಾಸಾಗುತ್ತದೆ. ಬಾಯಿ ತೆರೆಯಬೇಕು ಅಂದಾಗ ಕುತ್ತಿಗೆ ಬಗ್ಗುತ್ತದೆ. ಇಂಥ ಕಡೆ ವಾರಕ್ಕೊಂದು ಗಂಟೆ ನಡೆಯುವ ಕ್ಲಬ್ ಹೇಗೆ ಕೆಲಸ ಮಾಡುತ್ತದೆ, ಎಲ್ಲಿ ಕೆಡುತ್ತದೆ ಅನ್ನೋದನ್ನು ಬರೆದಿಡಬೇಕು ಅನಿಸಿತು.

ಇಂಗ್ಲಿಷ್ ಕ್ಲಬ್‌ಗಳು ಸಾಯುವ ರೀತಿ ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ. ಬ್ಯಾನರ್ ಕಟ್ಟಿ, ದೀಪ ಹಚ್ಚಿ ಉದ್ಘಾಟನೆ ಆಗುತ್ತದೆ. ಮೊದಲ ವಾರ ಎಲ್ಲರ ಸ್ವಪರಿಚಯ: ‘ಮೈಸೆಲ್ಫ್’ ಅಂತ ಶುರುವಾಗಿ ಅಪ್ಪನ ಕೆಲಸ, ಅಮ್ಮನ ಕೆಲಸ, ಹವ್ಯಾಸ, ಥ್ಯಾಂಕ್ಯೂ. ಎರಡನೇ ವಾರ ಭಾಷಣ. ಚೆನ್ನಾಗಿ ಮಾತಾಡುವ ಐದಾರು ಮಂದಿ ಮುಂದೆ ಬರುತ್ತಾರೆ, ಉಳಿದವರು ಕೈ ತಟ್ಟುತ್ತಾರೆ. ಮೂರನೇ ವಾರ ಕೈ ತಟ್ಟುವವರು ಬಸ್ಸಿಗೆ ಹೋಗಿರುತ್ತಾರೆ. ಉಳಿದ ಐದಾರು ಮಂದಿ ಒಂದೆರಡು ತಿಂಗಳು ನಡೆಸುತ್ತಾರೆ. ಆಮೇಲೆ ಅವರಿಗೂ ಬೇಜಾರು. ಇದಕ್ಕೆ ನಾವು ‘ಮಕ್ಕಳಿಗೆ ಆಸಕ್ತಿ ಇಲ್ಲ’ ಅಂತ ಹೆಸರಿಡುತ್ತೇವೆ. ಆಸಕ್ತಿ ಇದ್ದೇ ಬಂದಿದ್ದರು ಪಾಪ. ಅವರಿಗೆ ಮಾತಿನ ಪಾಲು ಸಿಗಲಿಲ್ಲ, ಅಷ್ಟೇ.

ಹಾಗಾಗಿ ನಮ್ಮ ಕ್ಲಬ್‌ನಲ್ಲಿ ವೇದಿಕೆ ಇಲ್ಲ. ಮೈಕ್ ಇಲ್ಲ. ಮೊದಲ ಆರೇಳು ವಾರ ಯಾರೂ ಎಲ್ಲರ ಮುಂದೆ ನಿಂತು ಮಾತಾಡುವಂತಿಲ್ಲ. ಬೇಕು ಅಂದರೂ ಇಲ್ಲ.

ಕುರ್ಚಿ ಅಂದೆ, ಆದರೆ ನಮ್ಮ ಕಾಲೇಜುಗಳಲ್ಲಿ ಇರೋದು ಉದ್ದನೆ ಬೆಂಚು, ಅದಕ್ಕೆ ಸೇರಿದ ಡೆಸ್ಕು. ಎದುರುಬದುರು ಹೇಗೆ? ಎರಡು ದಾರಿ ಇದೆ. ಒಂದು, ಮುಂದಿನ ಬೆಂಚಿನವರು ಹಿಂದಕ್ಕೆ ತಿರುಗಿ ಕೂರೋದು. ನಡುವೆ ಡೆಸ್ಕ್ ಇರುವುದರಿಂದ ಬರೆಯೋಕೂ ಅನುಕೂಲ. ಇನ್ನೊಂದು, ಕಾರಿಡಾರಿಗೆ ಹೋಗಿ ಎರಡು ಸಾಲಾಗಿ ನಿಲ್ಲೋದು. ನನಗೆ ಎರಡನೆಯದೇ ಇಷ್ಟ. ನಿಂತಾಗ ದನಿ ಏರುತ್ತದೆ. ಸಾಲು ಸರಿಸೋದೂ ಸುಲಭ: ಒಂದು ಸಾಲು ಅಲ್ಲೇ ನಿಲ್ಲುತ್ತದೆ, ಇನ್ನೊಂದು ಸಾಲಿನವರು ಒಂದೊಂದು ಹೆಜ್ಜೆ ಬಲಕ್ಕೆ ಹೋಗುತ್ತಾರೆ, ಕೊನೆಯವರು ಮೊದಲಿಗೆ ಬರುತ್ತಾರೆ. ಅರ್ಧ ನಿಮಿಷದಲ್ಲಿ ಎಲ್ಲರಿಗೂ ಹೊಸ ಜೊತೆಗಾರರು.

ಈ ಹೊಸ ಜೊತೆ ಬಹಳ ಮುಖ್ಯ. ಒಂದೇ ಬೆಂಚಿನ ಗೆಳತಿಯರನ್ನು ಜೋಡಿ ಮಾಡಿದರೆ ಎರಡನೇ ವಾಕ್ಯಕ್ಕೇ ‘ಏ, ಬಿಡೇ, ಏನ್ ಹೇಳ್ಬೇಕಂತೆ’ ಅಂತ ಶುರು ಆಗುತ್ತದೆ. ತಪ್ಪು ಅವರದಲ್ಲ. ದಿನವೂ ಕನ್ನಡದಲ್ಲೋ ತೆಲುಗಿನಲ್ಲೋ ಹರಟುವವರು ಇದ್ದಕ್ಕಿದ್ದಂತೆ ಇಂಗ್ಲಿಷಿಗೆ ಹೊರಳಿದರೆ ನಾಟಕ ಆಡಿದ ಹಾಗೆ ಇರುತ್ತದೆ, ನಗು ಬರುತ್ತದೆ. ಬಿ.ಕಾಂ. ಮೊದಲ ವರ್ಷದ ಹುಡುಗಿಗೆ ಬಿ.ಎ. ಎರಡನೇ ವರ್ಷದ ಇನ್ನೊಬ್ಬ ಹುಡುಗಿ ಎದುರಾದರೆ ಆ ಮುಜುಗರ ಕಡಿಮೆ. ಅಷ್ಟಾಗಿ ಪರಿಚಯ ಇಲ್ಲ, ಹೇಳೋಕೆ ಹೊಸದು ಇದೆ. ಬಾಗಿಲಲ್ಲೇ ಇಸ್ಪೀಟ್ ಎಲೆ ಹಂಚಿ, ಒಂದೇ ಅಂಕಿ ಬಂದವರು ಜೊತೆ ಅಂದರೆ ಯಾರೂ ತಮ್ಮ ಗೆಳೆಯರನ್ನು ಹುಡುಕಿಕೊಂಡು ಹೋಗುವುದಿಲ್ಲ. ಬೆಸ ಸಂಖ್ಯೆ ಬಂದರೆ ಒಂದು ಕಡೆ ಮೂವರು. ಮೇಡಂ ಮಾತ್ರ ಜೊತೆಗಾರಳಾಗಿ ನಿಲ್ಲಬಾರದು. ನಿಂತರೆ ಆ ಹುಡುಗನಿಗೆ ಅದು ವೈವಾ.

ಈಗ ಆಟಕ್ಕೆ ಬರೋಣ. ಒಂದೇ ಒಂದು ಆಟ ಇಟ್ಟುಕೋ ಅಂದರೆ ನಾನು ಇಟ್ಟುಕೊಳ್ಳೋದು 4-3-2. ಭಾಷೆ ಕಲಿಸುವವರ ವಲಯದಲ್ಲಿ ಇದು ಹಳೆಯದು. ಕೀತ್ ಮಾರಿಸ್ ಎಂಬವರು 1983ರಲ್ಲಿ ಇದರ ಬಗ್ಗೆ ಬರೆದರು, ನ್ಯೂಜಿಲೆಂಡಿನ ಪಾಲ್ ನೇಷನ್ ಇದನ್ನು ಜಗತ್ತಿಗೆಲ್ಲ ಪರಿಚಯಿಸಿದರು. ಇಷ್ಟೇ: ಒಂದು ವಿಷಯದ ಬಗ್ಗೆ ಒಬ್ಬರಿಗೆ 4 ನಿಮಿಷ ಹೇಳಬೇಕು. ಜೊತೆಗಾರ ಬದಲಾಗುತ್ತಾನೆ, ಅದೇ ವಿಷಯವನ್ನು ಹೊಸಬನಿಗೆ 3 ನಿಮಿಷದಲ್ಲಿ ಹೇಳಬೇಕು. ಮತ್ತೆ ಬದಲು, ಈ ಸಲ 2 ನಿಮಿಷ. ಹೇಳುವ ವಿಷಯ ಅದೇ, ಸಮಯ ಕಡಿಮೆ, ಕೇಳುವವರು ಹೊಸಬರು. ಕೇಳುವವರು ಹೊಸಬರಾದ್ದರಿಂದ ‘ಇದನ್ನ ಆಗಲೇ ಹೇಳಿದ್ನಲ್ಲ’ ಅನ್ನುವ ಬೇಸರ ಇರುವುದಿಲ್ಲ. ನಮ್ಮ ಮಕ್ಕಳಿಗೆ ಶುರುವಿನಲ್ಲಿ 4 ನಿಮಿಷ ತುಂಬಾ ಉದ್ದ. ನಾವು ಅದನ್ನು 3-2-1 ಮಾಡಿಕೊಂಡಿದ್ದೇವೆ. ಒಂದು ಸಾಲಿಗೆ 6 ನಿಮಿಷ, ಇನ್ನೊಂದು ಸಾಲಿಗೆ 6 ನಿಮಿಷ, ಓಡಾಟಕ್ಕೆ ಮೂರು. ಕಾಲು ಗಂಟೆಯಲ್ಲಿ ಆಟ ಮುಗಿಯುತ್ತದೆ.

ಒಂದು ವಾರ ವಿಷಯ ಹೀಗಿತ್ತು: ‘ನಿಮ್ಮ ಮನೆಯಲ್ಲಿ ನಡೆಯುವ ಒಂದು ಕೆಲಸ, ಮೊದಲಿನಿಂದ ಕೊನೆವರೆಗೆ’. ಶಿಡ್ಲಘಟ್ಟ ಕಡೆಯ ಹಳ್ಳಿಯ ಒಬ್ಬ ಹುಡುಗಿ ರೇಷ್ಮೆ ಹುಳ ಸಾಕೋದನ್ನು ಆರಿಸಿಕೊಂಡಳು. ನಾನು ಸ್ವಲ್ಪ ದೂರದಲ್ಲಿ ನಿಂತು ಮೂರು ಸುತ್ತೂ ಕೇಳಿಸಿಕೊಂಡೆ.

ಮೊದಲ ಸುತ್ತು, 3 ನಿಮಿಷ. ‘ಮೈ ಫಾದರ್… ವಿ ಬ್ರಿಂಗ್ ಚಾಕಿ’ ಅಂತ ಶುರು ಮಾಡಿದಳು. ನಿಂತಳು. ಚಾಕಿ ಅಂದರೆ ಏನು ಅಂತ ಎದುರಿನವಳಿಗೆ ಗೊತ್ತಿಲ್ಲ, ಅವಳು ಊರಿನೊಳಗಿನವಳು. ‘ಸ್ಮಾಲ್ ಸ್ಮಾಲ್ ವರ್ಮ್’ ಅಂದಳು. ಸೊಪ್ಪು ಹಾಕೋದು ಬಂತು, ಅಲ್ಲಿಂದ ನೇರವಾಗಿ ಗೂಡಿನ ಮಾರ್ಕೆಟ್ಟಿಗೆ ಹಾರಿದಳು. ಮತ್ತೆ ನೆನಪಾಗಿ ‘ನೋ ನೋ, ಬಿಫೋರ್’ ಅಂತ ಹಿಂದೆ ಬಂದಳು. ಹುಳಕ್ಕೆ ನಾಲ್ಕು ಸಲ ಜ್ವರ ಬರುತ್ತದೆ, ಅಂದರೆ ಪೊರೆ ಬಿಡೋಕೆ ಅಲ್ಲಾಡದೆ ಮಲಗುತ್ತದೆ, ಆಗ ಸೊಪ್ಪು ತಿನ್ನೋದಿಲ್ಲ ಅನ್ನೋದನ್ನು ಹೇಳೋಕೆ ಕೈಬೆರಳು ಮಡಚಿ, ‘ಫೋರ್ ಟೈಮ್ ಸ್ಲೀಪ್, ನಾಟ್ ಈಟ್’ ಅಂದಳು. ಹುಳ ಗೂಡು ಕಟ್ಟೋಕೆ ಬಿಡುವ ಚಂದ್ರಿಕೆಗೆ ಬಂದಾಗ ಪೂರಾ ನಿಂತುಹೋಯಿತು. ಕೊನೆಗೆ ‘ಚಂದ್ರಿಕೆ’ ಅಂತಲೇ ಹೇಳಿ ಕೈಯಲ್ಲಿ ದೊಡ್ಡ ವೃತ್ತ ತೋರಿಸಿ ‘ಬ್ಯಾಂಬೂ’ ಅಂದಳು. ಟೈಮ್ ಮುಗಿಯಿತು, ಗೂಡು ಕಟ್ಟೋದು ಬರಲೇ ಇಲ್ಲ.

ಎರಡನೇ ಸುತ್ತು, 2 ನಿಮಿಷ. ಈ ಸಲ ಕ್ರಮ ಸರಿಯಾಗಿತ್ತು. ಚಾಕಿ ಅಂದ ತಕ್ಷಣ, ಯಾರೂ ಕೇಳದೆಯೇ, ‘ದಟ್ ಈಸ್ ಸ್ಮಾಲ್ ವರ್ಮ್ಸ್’ ಅಂತ ಸೇರಿಸಿದಳು. ಮೊದಲ ಸುತ್ತಿನಲ್ಲಿ ಕೇಳಿದವಳಿಗೆ ಅರ್ಥ ಆಗದ ಜಾಗ ಅದು, ಅಲ್ವಾ? ಅದನ್ನು ತಾನಾಗಿಯೇ ತುಂಬಿಕೊಂಡಿದ್ದಳು. ಮಾರ್ಕೆಟ್ಟಿಗೆ ಅವಸರದಲ್ಲಿ ಹಾರಲಿಲ್ಲ. ಚಂದ್ರಿಕೆಯ ಹತ್ತಿರ ಒಂದು ಕ್ಷಣ ನಿಂತು, ‘ಚಂದ್ರಿಕೆ, ಇಟ್ ಈಸ್ ಎ ಬಿಗ್ ಬ್ಯಾಂಬೂ ಪ್ಲೇಟ್’ ಅಂದು ಮುಂದೆ ಹೋದಳು.

ಮೂರನೇ ಸುತ್ತು, 1 ನಿಮಿಷ. ಉಸಿರು ಬಿಡದೆ ಹೇಳಿದಳು. ಗೂಡು ಕಟ್ಟೋದು, ಗೂಡು ಬಿಡಿಸೋದು, ಮಾರ್ಕೆಟ್ಟಿನಲ್ಲಿ ನೂಲು ತೆಗೆಯುವ ರೀಲರ್‌ಗಳು ಹರಾಜಿನಲ್ಲಿ ಕೊಳ್ಳೋದು ಎಲ್ಲ ಬಂತು. ಕೊನೆಯಲ್ಲಿ ಹತ್ತು ಸೆಕೆಂಡ್ ಉಳಿದಾಗ, ರೇಟ್ ಬಿದ್ದ ದಿನ ಅಪ್ಪ ಮನೆಗೆ ಬಂದು ಯಾರ ಹತ್ತಿರವೂ ಮಾತಾಡೋದಿಲ್ಲ ಅನ್ನೋದನ್ನೂ ಹೇಳಿದಳು. ಮೊದಲ ಸುತ್ತಿನಲ್ಲಿ ಇದು ಹೊಳೆದೂ ಇರಲಿಕ್ಕಿಲ್ಲ. ಪದಗಳನ್ನು ಹುಡುಕುವುದರಲ್ಲೇ ತಲೆ ತುಂಬಿತ್ತು.

ಆದರೆ ಇದಕ್ಕೊಂದು ಮಿತಿ ಇದೆ. ಅವಳು ಮೂರು ಸುತ್ತಿನಲ್ಲೂ ‘ಫೋರ್ ಟೈಮ್ ಸ್ಲೀಪ್’ ಅಂದಳು. ಈ ಆಟದಿಂದ ಓಟ ಬರುತ್ತದೆ, ವ್ಯಾಕರಣ ತಾನಾಗಿ ನೆಟ್ಟಗಾಗುವುದಿಲ್ಲ. ಅವಸರದಲ್ಲಿ ಮೊದಲ ಸಲದ ತಪ್ಪೇ ಗಟ್ಟಿಯಾಗಿ ಕೂರುವ ಸಾಧ್ಯತೆಯೂ ಇದೆ. ಇದನ್ನು ಅಧ್ಯಯನ ಮಾಡಿದವರೂ ಗಮನಿಸಿದ್ದಾರೆ. ಹಾಗಾಗಿ ಮೊದಲ ಸುತ್ತಿಗೂ ಎರಡನೇ ಸುತ್ತಿಗೂ ನಡುವೆ ನಾನು ಒಂದು ನಿಮಿಷ ತೆಗೆದುಕೊಳ್ಳುತ್ತೇನೆ. ಸಾಲಿನ ನಡುವೆ ಓಡಾಡುವಾಗ ಕಿವಿಗೆ ಬಿದ್ದ ಎರಡು ತಪ್ಪುಗಳನ್ನು ಯಾರ ಹೆಸರೂ ಹೇಳದೆ ಬೋರ್ಡಿನ ಮೇಲೆ ಸರಿ ಮಾಡಿ ಬರೆಯುತ್ತೇನೆ. ಎರಡೇ. ಮೂರನೆಯದು ಬರೆದರೆ ಮುಂದಿನ ಸುತ್ತಿನಲ್ಲಿ ಅವರು ಮಾತು ಬಿಟ್ಟು ಬೋರ್ಡು ನೋಡುತ್ತಾರೆ.

ಇನ್ನು ನಿಯಮಗಳು. ಹೆಚ್ಚಿನ ಕ್ಲಬ್‌ಗಳು ಮೊದಲು ಬರೆಯುವ ನಿಯಮ ‘ಕನ್ನಡ ಮಾತಾಡಿದರೆ ಐದು ರೂಪಾಯಿ ದಂಡ’. ನನಗೆ ಇದರಷ್ಟು ಸಿಟ್ಟು ಬರಿಸುವ ನಿಯಮ ಇನ್ನೊಂದಿಲ್ಲ. ನಮ್ಮ ಭಾಷೆಯನ್ನು ತಪ್ಪು ಅಂತ ಮಾಡಿದ್ದು ಒಂದು ಕಡೆ ಇರಲಿ, ಲೆಕ್ಕದಲ್ಲೂ ಇದು ನಿಲ್ಲೋದಿಲ್ಲ. ಕನ್ನಡ ಬಾಯಿಗೆ ಬಂದರೆ ಐದು ರೂಪಾಯಿ, ಬಾಯಿ ಮುಚ್ಚಿಕೊಂಡಿದ್ದರೆ ಏನೂ ಇಲ್ಲ. ಅಂದಮೇಲೆ ಬುದ್ಧಿವಂತ ಹುಡುಗ ಏನು ಮಾಡುತ್ತಾನೆ? ಸುಮ್ಮನಿರುತ್ತಾನೆ. ದಂಡ ಕಟ್ಟುವವನು ಬಾಯಿ ತೆರೆಯಲು ಧೈರ್ಯ ಮಾಡಿದವನು ಮಾತ್ರ.

ನಮ್ಮ ನಿಯಮ ಬೇರೆ. ಇಂಗ್ಲಿಷ್ ವಾಕ್ಯದ ಒಳಗೆ ಪದ ಸಿಗದಿದ್ದರೆ ಕನ್ನಡ ಪದ ಹಾಕಿ ಮುಂದೆ ಹೋಗಬಹುದು, ನಿಲ್ಲಬಾರದು. ಚಂದ್ರಿಕೆ ಅಂದಳಲ್ಲ, ಹಾಗೆ. ವಾಕ್ಯಕ್ಕೆ ವಾಕ್ಯವೇ ಕನ್ನಡ ಆಗುತ್ತಿದೆ ಅನಿಸಿದರೆ ಜೊತೆಗಾರ ಮೇಜನ್ನು ಮೆಲ್ಲಗೆ ತಟ್ಟುತ್ತಾನೆ, ಅಷ್ಟೇ. ಬೋರ್ಡಿನ ಒಂದು ಮೂಲೆಯಲ್ಲಿ ಮೂರು ವಾಕ್ಯ ಯಾವಾಗಲೂ ಬರೆದಿರುತ್ತವೆ: ‘ಹೌ ಡು ಯು ಸೇ … ಇನ್ ಇಂಗ್ಲಿಷ್?’, ‘ಪ್ಲೀಸ್ ಸೇ ದಟ್ ಅಗೇನ್’, ‘ಗಿವ್ ಮಿ ಎ ಮೊಮೆಂಟ್’. ಸಿಕ್ಕಿಹಾಕಿಕೊಂಡವರು ಈ ಮೂರರಲ್ಲಿ ಒಂದನ್ನು ಓದಿದರೆ ಸಾಕು. ಸಿಕ್ಕಿಹಾಕಿಕೊಂಡಿದ್ದೂ ಇಂಗ್ಲಿಷಿನಲ್ಲೇ ಆಯಿತು.

ಎರಡನೇ ನಿಯಮ ಕೇಳುವವರಿಗೆ. ಮಾತಾಡುವವರು ನಿಂತಾಗ ತಕ್ಷಣ ಪದ ಎತ್ತಿಕೊಡಬಾರದು. ಮನಸ್ಸಿನಲ್ಲಿ ಐದು ಎಣಿಸಬೇಕು. ಅಮೆರಿಕದಲ್ಲಿ ಮೇರಿ ಬಡ್ ರೋ ಎಂಬ ಶಿಕ್ಷಣ ತಜ್ಞೆ 1970ರ ದಶಕದಲ್ಲಿ ತರಗತಿಗಳನ್ನು ಕೂತು ಕೇಳಿ ಒಂದು ವಿಷಯ ಕಂಡುಕೊಂಡರು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಕಾಯೋದು ಸುಮಾರು ಒಂದೇ ಸೆಕೆಂಡ್. ಅದನ್ನು ಮೂರು ಸೆಕೆಂಡ್ ಮಾಡಿದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಸುಮ್ಮನೆ ಕೂತವರೂ ಬಾಯಿ ಬಿಡುತ್ತಾರೆ. ಅವರು ನೋಡಿದ್ದು ವಿಜ್ಞಾನದ ಪಾಠಗಳನ್ನು. ಪರಭಾಷೆಯಲ್ಲಿ ವಾಕ್ಯ ಕಟ್ಟುವವರಿಗೆ ಮೂರೂ ಕಡಿಮೆ. ಐದು ಎಣಿಸೋದು ಕೇಳೋಕೆ ಸುಲಭ, ಮಾಡೋಕೆ ಕಷ್ಟ. ಅದರಲ್ಲೂ ಮೇಷ್ಟ್ರುಗಳಿಗೆ.

ಮೂರನೆಯದು ಹುಣಸೆ ಬೀಜ. ಇದು ನಾಲ್ಕು ಜನರ ಗುಂಪಿನ ಚರ್ಚೆಗೆ. ಗುಂಪಿನ ಚರ್ಚೆ ಅಂದ ಕೂಡಲೇ ಒಬ್ಬ ಅರ್ಧ ಸಮಯ ತಿನ್ನುತ್ತಾನೆ, ಇನ್ನೊಬ್ಬ ಕಾಲು, ಉಳಿದಿಬ್ಬರು ತಲೆ ಆಡಿಸುತ್ತಾರೆ. ಇದಕ್ಕೆ ಸ್ಪೆನ್ಸರ್ ಕೇಗನ್ ಅನ್ನುವವರ ಗುಂಪು ಕಲಿಕೆಯ ಪದ್ಧತಿಯಲ್ಲಿ ಒಂದು ಉಪಾಯ ಇದೆ: ಮಾತಿಗೊಂದು ಬಿಲ್ಲೆ. ನಾವು ಬಿಲ್ಲೆ ಬದಲು ಹುಣಸೆ ಬೀಜ ಇಟ್ಟುಕೊಂಡಿದ್ದೇವೆ. ತಲೆಗೆ ಮೂರು ಬೀಜ. ಮಾತಾಡುವಾಗ ಒಂದನ್ನು ಮೇಜಿನ ನಡುವೆ ಇಡಬೇಕು. ಮೂರೂ ಮುಗಿದರೆ, ಉಳಿದ ಮೂವರ ಬೀಜ ಮುಗಿಯುವವರೆಗೆ ಬಾಯಿ ಮುಚ್ಚಿಕೊಂಡಿರಬೇಕು.

ಎರಡು ವಾರದಲ್ಲಿ ಮಕ್ಕಳು ಇದಕ್ಕೂ ಕಳ್ಳದಾರಿ ಹುಡುಕಿದರು. ‘ಐ ಅಗ್ರೀ’ ಅನ್ನೋದು, ಬೀಜ ಇಡೋದು. ಮತ್ತೆ ‘ಐ ಆಲ್ಸೊ ಅಗ್ರೀ’, ಇನ್ನೊಂದು ಬೀಜ. ಎರಡು ನಿಮಿಷದಲ್ಲಿ ಬೀಜ ಖಾಲಿ, ಮೊಬೈಲು ಹೊರಗೆ. ಆಗ ಒಂದು ತಿದ್ದುಪಡಿ ತಂದೆವು: ಬೀಜ ಇಟ್ಟವರು ಒಂದು ಕಾರಣ ಹೇಳಬೇಕು, ಇಲ್ಲವೇ ಗುಂಪಿನಲ್ಲಿ ಹೆಸರು ಹಿಡಿದು ಒಬ್ಬರನ್ನು ಪ್ರಶ್ನೆ ಕೇಳಬೇಕು. ಉತ್ತರ ಕೊಡುವವರಿಗೆ ಬೀಜದ ಖರ್ಚಿಲ್ಲ. ಇದರಿಂದ ಆದ ಲಾಭ ನಾನು ಅಂದುಕೊಂಡಿದ್ದಕ್ಕಿಂತ ದೊಡ್ಡದು. ಚೆನ್ನಾಗಿ ಮಾತಾಡುವವರು ತಮ್ಮ ಮೂರು ಬೀಜ ಉಳಿಸೋಕೆ ಹೋಗಿ ಪ್ರಶ್ನೆ ಕೇಳೋದನ್ನು ಕಲಿತರು. ತಾವು ಕೇಳಿದರೆ ಎದುರಿನವರು ಮತ್ತೆ ತಮ್ಮನ್ನೇ ಕೇಳುತ್ತಾರೆ, ಬೀಜವಿಲ್ಲದೆ ಮಾತಾಡಬಹುದು ಅನ್ನೋದು ಅವರ ಲೆಕ್ಕ. ಇರಲಿ, ಒಳ್ಳೆಯ ಲೆಕ್ಕವೇ.

ಹಾಗೆಂದು ಬಾಯಿ ಬಿಡದವರನ್ನು ಹಿಡಿದು ಅಲ್ಲಾಡಿಸೋದೂ ಬೇಡ. ಒಂದು ಸಂಜೆಗೆ ಒಂದು ಸಲ ಯಾರು ಬೇಕಾದರೂ ‘ಪಾಸ್’ ಅನ್ನಬಹುದು, ಕಾರಣ ಹೇಳಬೇಕಿಲ್ಲ. ಮನೆಯ ವಿಷಯ ಬಂದಾಗ ಹೇಳಿಕೊಳ್ಳಲಾಗದ್ದು ಎಷ್ಟೋ ಇರುತ್ತದೆ. ‘ಅಪ್ಪನ ಬಗ್ಗೆ ಹೇಳು’ ಅನ್ನೋದು ಎಲ್ಲರಿಗೂ ಸುಲಭದ ವಿಷಯ ಅಲ್ಲ.

ವಿಷಯ ಅಂದಾಗ ನೆನಪಾಯಿತು. ‘ಸೋಷಿಯಲ್ ಮೀಡಿಯಾ ವರವೋ ಶಾಪವೋ’, ‘ಮಹಿಳಾ ಸಬಲೀಕರಣ’, ‘ಯುವಜನತೆ ಮತ್ತು ದೇಶ’. ದಯವಿಟ್ಟು ಇವನ್ನು ಕೊಡಬೇಡಿ. ಹಿಂದಿನ ರಾತ್ರಿ ಮೊಬೈಲಿನಲ್ಲಿ ಹುಡುಕಿ, ಕಂಠಪಾಠ ಮಾಡಿ, ಕಣ್ಣು ಮೇಲೆ ಮಾಡಿ ಒಪ್ಪಿಸುತ್ತಾರೆ. ನಡುವೆ ಒಂದು ಪ್ರಶ್ನೆ ಕೇಳಿದರೆ ಮೊದಲಿನಿಂದ ಶುರು ಮಾಡುತ್ತಾರೆ. ವಿಷಯ ಕೊಡುವ ಮುಂಚೆ ನಾನು ನೋಡುವುದು ಒಂದೇ: ಕ್ಲಬ್‌ನ ಅತಿ ನಾಚಿಕೆಯ ಹುಡುಗಿ ಇದರ ಬಗ್ಗೆ ಕನ್ನಡದಲ್ಲಿ ಒಂದು ನಿಮಿಷ ಮಾತಾಡುತ್ತಾಳಾ? ಕನ್ನಡದಲ್ಲೇ ಹೇಳೋಕೆ ಏನೂ ಇಲ್ಲದಿದ್ದರೆ ಇಂಗ್ಲಿಷಿನಲ್ಲಿ ಎಲ್ಲಿಂದ ಬರಬೇಕು?

ಈ ಪರೀಕ್ಷೆಯಲ್ಲಿ ಗೆಲ್ಲುವ ವಿಷಯಗಳು ನೋಡೋಕೆ ಬಹಳ ಸಾದಾ. ನಿಮ್ಮೂರಿನ ಜಾತ್ರೆಗೆ ನನ್ನನ್ನು ಕರೆದುಕೊಂಡು ಹೋದರೆ ಬೆಳಗ್ಗಿಂದ ರಾತ್ರಿವರೆಗೆ ಏನೇನು ನೋಡಬಹುದು. ಬಸ್ಸಿನಲ್ಲಿ ಸೀಟು ಹಿಡಿಯುವ ವಿದ್ಯೆ. ಬೆಂಗಳೂರಿನಿಂದ ಬಂದವರಿಗೆ ನಂದಿ ಬೆಟ್ಟಕ್ಕೆ ಹೋಗುವ ದಾರಿ. ಆಮೇಲೆ ಆಯ್ಕೆಯ ವಿಷಯಗಳು: 500 ರೂಪಾಯಿ ಇದೆ, ನಾಲ್ಕು ಜನ ಇದ್ದೀರಿ, ಶನಿವಾರ ಮಧ್ಯಾಹ್ನ ಏನು ಮಾಡುತ್ತೀರಿ, ನಾಲ್ವರೂ ಒಪ್ಪಬೇಕು. ಹಾಸ್ಟೆಲ್ ಊಟ ಏಳಕ್ಕೋ ಎಂಟೂವರೆಗೋ. ಮೊದಲ ವಾರಗಳಲ್ಲಿ ನಡೆದದ್ದನ್ನು ಹೇಳೋದು, ನಂತರ ಇರೋದನ್ನು ಬಣ್ಣಿಸೋದು, ನಂತರ ಆಯ್ಕೆ ಮಾಡೋದು, ಕೊನೆಗೆ ವಾದ. ಈ ಸಾಲಿನಲ್ಲಿ ಹೋದರೆ ಒಂದು ಸೆಮಿಸ್ಟರ್ ಸರಾಗ. ವಾದದಿಂದ ಶುರು ಮಾಡಿದರೆ ಮಾತು ಬಲ್ಲವರು ಮಾತ್ರ ಉಳಿಯುತ್ತಾರೆ.

ವಾರ ವಾರ 3-2-1 ಆಡಿಸಿದರೂ ಬೇಜಾರೇ. ನಡುವೆ ಬೇರೆ ಆಟ ಬೇಕು. ಇಪ್ಪತ್ತು ಪ್ರಶ್ನೆ, ಎರಡು ನಿಜ ಒಂದು ಸುಳ್ಳು, ಹೆಸರು ಹೇಳದೆ ವಸ್ತುವನ್ನು ವಿವರಿಸೋದು, ಇವೆಲ್ಲ ಎಲ್ಲರಿಗೂ ಗೊತ್ತಿರೋದೇ, ನಡೆಯುತ್ತವೆ. ಆದರೆ ಒಂದು ಆಟದ ಬಗ್ಗೆ ನಿಧಾನವಾಗಿ ಹೇಳಬೇಕು: ಬೆನ್ನಿಗೆ ಬೆನ್ನು ಕೊಟ್ಟು ಚಿತ್ರ ಬರೆಸೋದು.

ಇಬ್ಬರು ಬೆನ್ನು ತಿರುಗಿಸಿ ಕೂರುತ್ತಾರೆ. ಒಬ್ಬನ ಕೈಯಲ್ಲಿ ಒಂದು ಚಿತ್ರ: ಮನೆ, ಪಕ್ಕದಲ್ಲಿ ತೆಂಗಿನ ಮರ, ಮುಂದೆ ಎರಡು ಹಸು, ಹಿಂದೆ ಒಂದು ಬಾವಿ. ಇನ್ನೊಬ್ಬನ ಕೈಯಲ್ಲಿ ಖಾಲಿ ಹಾಳೆ, ಪೆನ್ಸಿಲ್. ಮೊದಲನೆಯವನು ಹೇಳಬೇಕು, ಎರಡನೆಯವನು ಕೇಳಿ ಬರೆಯಬೇಕು, ಕಡಿಮೆ ಅಂದರೆ ಮೂರು ಪ್ರಶ್ನೆಯನ್ನೂ ಕೇಳಬೇಕು. 5 ನಿಮಿಷ. ಬೆನ್ನು ತಿರುಗಿಸೋದು ಯಾಕೆಂದರೆ, ಎದುರು ಕೂತರೆ ಕೈಯೇ ಮಾತಾಡಿಬಿಡುತ್ತದೆ.

ಒಬ್ಬ ಹುಡುಗ ಹೇಳುತ್ತಿದ್ದ: ‘ದಿ ವೆಲ್ ಈಸ್ ಅಪ್ ದಿ ಹೌಸ್.’ ಚಿತ್ರದಲ್ಲಿ ಹಿಂದೆ ಇರೋದು ಹಾಳೆಯ ಮೇಲ್ಭಾಗದಲ್ಲಿ ಕಾಣುತ್ತದಲ್ಲ, ಅದನ್ನೇ ಹೇಳಿದ. ಬರೆಯುವವನಿಗೆ ಅನುಮಾನ. ‘ಅಪ್? ಆನ್ ದಿ ರೂಫ್?’ ಅಂತ ಕೇಳಿದ. ಇವನು ಅವಸರದಲ್ಲಿ ‘ಯೆಸ್ ಯೆಸ್, ಅಪ್’ ಅಂದ. ಕೊನೆಗೆ ಎರಡು ಚಿತ್ರ ಪಕ್ಕಪಕ್ಕ ಇಟ್ಟಾಗ ಹೆಂಚಿನ ಮಾಡಿನ ಮೇಲೆ ರಾಟೆ ಸಮೇತ ಬಾವಿ ಕೂತಿತ್ತು. ಇಡೀ ಕಾರಿಡಾರ್ ನಕ್ಕಿತು, ಅವರಿಬ್ಬರೂ ನಕ್ಕರು. ಆಮೇಲೆ ಆ ಹುಡುಗನೇ ಬಂದು ಕೇಳಿದ, ‘ಮೇಡಂ, ಹಿಂದೆ ಅಂತ ಹೇಳೋಕೆ ಏನನ್ಬೇಕಿತ್ತು?’ ‘ಬಿಹೈಂಡ್’ ಅವನಿಗೆ ಗೊತ್ತಿಲ್ಲದ ಪದವೇನಲ್ಲ, ಖಾಲಿ ಜಾಗ ತುಂಬುವ ಪ್ರಶ್ನೆಯಲ್ಲಿ ಹಲವು ಸಲ ಬರೆದಿದ್ದಾನೆ. ಅದು ಬೇಕಾಗಿದ್ದು ಈಗ. ನಾನು ಕೆಂಪು ಇಂಕಿನಲ್ಲಿ ತಿದ್ದಿದ್ದರೆ ಹೀಗೆ ಬಂದು ಕೇಳುತ್ತಿರಲಿಲ್ಲ.

ಈ ಆಟದಲ್ಲಿ ಒಬ್ಬನ ಹತ್ತಿರ ಇರುವ ಮಾಹಿತಿ ಇನ್ನೊಬ್ಬನ ಹತ್ತಿರ ಇಲ್ಲ. ಮಾತಾಡದೆ ಕೆಲಸ ಆಗೋದೇ ಇಲ್ಲ. ಅರ್ಧ ಬಸ್ ಟೈಮ್‌ಟೇಬಲ್ ಒಬ್ಬರಿಗೆ, ಉಳಿದರ್ಧ ಇನ್ನೊಬ್ಬರಿಗೆ ಕೊಟ್ಟು ‘ಸಂಜೆ ಆರರೊಳಗೆ ಕೋಲಾರ ಮುಟ್ಟೋದು ಹೇಗೆ’ ಅಂತ ಕೇಳಿದರೂ ಇದೇ ಆಗುತ್ತದೆ. ಚಿತ್ರ ಬರೆಯೋಕೆ ಬಾರದವರು ಈ ಟೈಮ್‌ಟೇಬಲ್ ಆಟದಲ್ಲಿ ಮಿಂಚುತ್ತಾರೆ.

ಇನ್ನು ‘ಜಾಮ್’. ಕಾಲೇಜು ಫೆಸ್ಟ್‌ಗಳಲ್ಲಿ, ಕ್ಯಾಂಪಸ್ ಇಂಟರ್‌ವ್ಯೂ ತಯಾರಿಯಲ್ಲಿ ಎಲ್ಲರೂ ಕೇಳೋದು ಅದನ್ನೇ. ‘ಜಸ್ಟ್ ಎ ಮಿನಿಟ್’ ಅಂತ 1967ರಲ್ಲಿ ಬಿಬಿಸಿ ರೇಡಿಯೊದಲ್ಲಿ ಶುರುವಾದ ಆಟ ಅದು. ಕೊಟ್ಟ ವಿಷಯದ ಬಗ್ಗೆ ಒಂದು ನಿಮಿಷ ಮಾತಾಡಬೇಕು. ತಡವರಿಸಬಾರದು, ಹೇಳಿದ್ದನ್ನೇ ಹೇಳಬಾರದು, ವಿಷಯ ಬಿಟ್ಟು ಹೋಗಬಾರದು. ತಪ್ಪಿದರೆ ಎದುರಾಳಿ ಬಜರ್ ಒತ್ತಿ ಮಾತು ಕಸಿದುಕೊಳ್ಳುತ್ತಾನೆ. ಇಂಗ್ಲಿಷ್ ತಾಯಿಭಾಷೆ ಆಗಿರುವ, ಮಾತನ್ನೇ ಹೊಟ್ಟೆಪಾಡು ಮಾಡಿಕೊಂಡ ಹಾಸ್ಯಗಾರರಿಗೆ ಮಾಡಿದ ಆಟ. ಅವರೇ ಒದ್ದಾಡುತ್ತಾರೆ, ಮಜಾ ಇರೋದೂ ಅದರಲ್ಲೇ. ನಮ್ಮ ಮಕ್ಕಳು ಇಂಗ್ಲಿಷಿನಲ್ಲಿ ನಿಲ್ಲದೆ ಇರೋಕೆ ಸಾಧ್ಯವೇ ಇಲ್ಲ. ಹೇಳಿದ್ದನ್ನೇ ಮತ್ತೆ ಹೇಳೋದು ಅವರಿಗೆ ಉಸಿರು ತೆಗೆದುಕೊಳ್ಳುವ ಜಾಗ. ಅದಕ್ಕೇ ಬಜರ್ ಒತ್ತಿದರೆ ಉಳಿಯೋದೇನು?

ಹಾಗಾಗಿ ನಮ್ಮ ಜಾಮ್ ಸ್ವಲ್ಪ ಸಡಿಲ. ಮೂವರ ಗುಂಪು. ತಡವರಿಸಬಹುದು, ಅದನ್ನೇ ಮತ್ತೆ ಹೇಳಬಹುದು. ವಿಷಯ ಬಿಟ್ಟು ಹೋದರೂ ಪರವಾಗಿಲ್ಲ, ಹತ್ತು ಸೆಕೆಂಡ್ ಒಂದೇ ಸಮನೆ ಮೌನ ಆಗಬಾರದು. ಹಾಗೆ ಮೌನ ಆದರೂ ಮಾತು ಇನ್ನೊಬ್ಬರಿಗೆ ಹೋಗುವುದಿಲ್ಲ, ಉಳಿದಿಬ್ಬರಲ್ಲಿ ಒಬ್ಬರು ಪ್ರಶ್ನೆ ಕೇಳಿ ಹಳಿಗೆ ತರಬೇಕು. ಫೆಸ್ಟಿನ ನಿಜವಾದ ಜಾಮ್ ಬೇಕು ಅನ್ನುವವರು ಸೆಮಿಸ್ಟರ್ ಕೊನೆಯಲ್ಲಿ ಬೇರೆ ಕೂತು ಆಡಿಕೊಳ್ಳಲಿ.

ಟೋಸ್ಟ್‌ಮಾಸ್ಟರ್ಸ್ ಹೆಸರನ್ನು ಬೆಂಗಳೂರಿನ ಐಟಿಯವರು ಚೆನ್ನಾಗಿ ಬಲ್ಲರು. 1924ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಆನಾದಲ್ಲಿ ರಾಲ್ಫ್ ಸ್ಮೆಡ್ಲಿ ಶುರು ಮಾಡಿದ ಭಾಷಣದ ಕ್ಲಬ್. ಅಲ್ಲಿ ಪ್ರತಿ ಸಭೆಗೂ ಕೆಲಸಗಳ ಹಂಚಿಕೆ ಇದೆ: ಒಬ್ಬರು ಸಮಯ ನೋಡಿ ಹಸಿರು, ಹಳದಿ, ಕೆಂಪು ಬಣ್ಣ ತೋರಿಸುತ್ತಾರೆ, ಇನ್ನೊಬ್ಬರು ‘ಆ… ಊ…’ ಎಷ್ಟು ಸಲ ಬಂತು ಅಂತ ಎಣಿಸುತ್ತಾರೆ. ನಾವು ಮೊದಲನೆಯದನ್ನು ತೆಗೆದುಕೊಂಡೆವು. ಎರಡನೆಯದನ್ನು ಬಿಟ್ಟೆವು. ‘ಆ… ಊ…’ ಮಾಡಿಕೊಂಡಾದರೂ ಮಾತಾಡಲಿ ಅನ್ನುವ ಹಂತದಲ್ಲಿರುವವರ ಹತ್ತಿರ ಅದನ್ನು ಎಣಿಸೋದು ಕ್ರೌರ್ಯ. ಸಮಯ ನೋಡುವ ಕೆಲಸ ಮಾತ್ರ ತುಂಬಾ ಉಪಯೋಗಕ್ಕೆ ಬಂತು. ಚೆನ್ನಾಗಿ ಮಾತಾಡುವವರಿಗೇ ಅದನ್ನು ಕೊಡುತ್ತೇನೆ. ಅವರಿಗೊಂದು ಗತ್ತು ಸಿಗುತ್ತದೆ, ಉಳಿದವರಿಗೆ ಅವರ ಸಮಯ ಸಿಗುತ್ತದೆ.

ಕ್ಲಬ್ ಸರಿಯಾಗಿ ನಡೆಯುತ್ತಿದೆಯಾ ಅಂತ ತಿಳಿಯೋದು ಹೇಗೆ? ಹಾಜರಿ ಪುಸ್ತಕ ಹೇಳೋದಿಲ್ಲ. ಹೊರಗೆ ನಿಂತು ಸದ್ದು ಕೇಳಿದರೆ ಸ್ವಲ್ಪ ಗೊತ್ತಾಗುತ್ತದೆ: ಒಂದೇ ದನಿ ಕೇಳಿಸುತ್ತಿದ್ದರೆ ಯಾರೋ ಭಾಷಣ ಶುರು ಮಾಡಿದ್ದಾರೆ. ಇನ್ನೂ ಖಚಿತವಾಗಿ ಬೇಕಾದರೆ, ಒಬ್ಬ ಸುಮ್ಮನಿರುವ ಹುಡುಗನನ್ನು ಅವನಿಗೆ ಗೊತ್ತಾಗದಂತೆ ಆರಿಸಿಕೊಳ್ಳಿ. ಮೊಬೈಲಿನ ಸ್ಟಾಪ್‌ವಾಚ್ ತೆಗೆಯಿರಿ. ಅವನು ಬಾಯಿ ತೆರೆದಾಗ ಒತ್ತಿ, ನಿಲ್ಲಿಸಿದಾಗ ಮತ್ತೆ ಒತ್ತಿ. ಗಂಟೆಯ ಕೊನೆಗೆ ಎಷ್ಟು ನಿಮಿಷ ಆಯಿತು ನೋಡಿ. ಹತ್ತಕ್ಕಿಂತ ಕಡಿಮೆ ಬಂದರೆ ಆ ವಾರದ ಆಟವೋ ವಿಷಯವೋ ಸರಿ ಇರಲಿಲ್ಲ ಅಂತಲೇ ನನ್ನ ಲೆಕ್ಕ. ಅವನದು ತಪ್ಪು ಅಂತ ಅಲ್ಲ.

ಕ್ಲಬ್‌ನಿಂದ ಆಗದ ಕೆಲಸಗಳೂ ಇವೆ. ಪರೀಕ್ಷೆಯ ಅಂಕ ಇದರಿಂದ ಏರುತ್ತದೆ ಅಂತ ನಾನು ಯಾರಿಗೂ ಹೇಳೋದಿಲ್ಲ. ಉಚ್ಚಾರಣೆ ಹೆಚ್ಚೇನೂ ಬದಲಾಗುವುದಿಲ್ಲ. ಜೊತೆಗಾರರು ಅವರ ಹಾಗೇ ಮಾತಾಡುವವರಲ್ವಾ. ಓದದೆ, ಕೇಳದೆ ಹೊಸ ಪದಗಳೂ ಬರುವುದಿಲ್ಲ. ವಾರಕ್ಕೆ 20 ನಿಮಿಷ ಮಾತು ಅಂದರೆ ಸೆಮಿಸ್ಟರಿಗೆ ಹೆಚ್ಚೆಂದರೆ ಐದು ಗಂಟೆ. ಗೊತ್ತಿರುವ ಇಂಗ್ಲಿಷನ್ನು ಬಾಯಿಗೆ ತರೋಕೆ ಅಷ್ಟು ಸಾಕು, ಗೊತ್ತಿಲ್ಲದ್ದನ್ನು ಕಲಿಸೋಕೆ ಸಾಲದು. ಇಂಟರ್ನಲ್ಸ್ ಬಂದ ವಾರ ಅರ್ಧಕ್ಕರ್ಧ ಜನ ಬರೋದಿಲ್ಲ. ಆ ವಾರ ಕ್ಲಬ್ ರದ್ದು ಮಾಡೋದಕ್ಕಿಂತ ಅರ್ಧ ಗಂಟೆ ಬರೀ ಇಪ್ಪತ್ತು ಪ್ರಶ್ನೆ ಆಡಿಸಿ ಕಳಿಸೋದು ಒಳ್ಳೆಯದು. ಒಂದು ಶುಕ್ರವಾರ ತಪ್ಪಿದರೆ ಮುಂದಿನ ಶುಕ್ರವಾರ ‘ಇವತ್ತೂ ಇಲ್ವೇನೋ’ ಅಂತ ಬಸ್ ಹತ್ತುತ್ತಾರೆ. ನಮ್ಮಲ್ಲಿ ನಾಲ್ಕೂಕಾಲಿನ ಬಸ್ ಬಿಟ್ಟರೆ ಕೆಲವು ಹಳ್ಳಿಗಳಿಗೆ ಆಮೇಲಿನದು ಆರಕ್ಕೆ. ಹಾಗಾಗಿ ಆಟ ಎಷ್ಟೇ ರಂಗೇರಿರಲಿ, ನಾಲ್ಕಕ್ಕೆ ಐದು ನಿಮಿಷ ಇದ್ದಾಗ ನಿಲ್ಲಿಸುತ್ತೇನೆ. ತಡವಾದರೆ ಮುಂದಿನ ವಾರ ಹುಡುಗಿಯರನ್ನು ಮನೆಯವರು ಕಳಿಸೋದಿಲ್ಲ.

ಕೊನೆಗೊಂದು ಪಜೀತಿ. ಪ್ರತಿ ವರ್ಷ ಕಾಲೇಜ್ ಡೇ ಬಂದಾಗ ‘ಇಂಗ್ಲಿಷ್ ಕ್ಲಬ್‌ನಿಂದ ಏನಾದರೂ ಒಂದು ಪ್ರೋಗ್ರಾಂ ಬೇಕಲ್ಲ ಮೇಡಂ’ ಅಂತ ಕೇಳುತ್ತಾರೆ. ವೇದಿಕೆ ಬೇಡ ಅಂತ ವರ್ಷಪೂರ್ತಿ ಹೇಳಿದವರು ವೇದಿಕೆ ಮೇಲೆ ಏನು ಮಾಡಬೇಕು? ಈಗ ಒಂದು ದಾರಿ ಸಿಕ್ಕಿದೆ. ವೇದಿಕೆಯ ಮೇಲೆ ಒಂದು ಬೋರ್ಡು ಇಡುತ್ತೇವೆ. ಬಂದ ಅತಿಥಿಗಳಲ್ಲಿ ಒಬ್ಬರ ಕೈಗೆ ಸೀಮೆಸುಣ್ಣ ಕೊಡುತ್ತೇವೆ. ಬೆನ್ನು ತಿರುಗಿಸಿ ನಿಂತ ಒಬ್ಬ ವಿದ್ಯಾರ್ಥಿ ಚಿತ್ರ ನೋಡಿ ಹೇಳುತ್ತಾನೆ, ಅತಿಥಿಗಳು ಬರೆಯುತ್ತಾರೆ, ಅರ್ಥ ಆಗದಿದ್ದರೆ ಅವರೇ ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಬೇಕು. ಐದು ನಿಮಿಷ. ಸಭೆಗೆ ಚಿತ್ರ ಮೊದಲೇ ತೋರಿಸಿರುತ್ತೇವೆ, ಆದ್ದರಿಂದ ನಗೋದು ಅವರ ಪಾಲಿಗೆ. ಹೋದ ವರ್ಷದ ಅತಿಥಿಗಳು ಹಸುವಿಗೆ ಐದು ಕಾಲು ಬರೆದರು. ನಾಲ್ಕು ಕಾಲು, ಒಂದು ಬಾಲ ಅಂತಲೇ ಹುಡುಗ ಹೇಳಿದ್ದು. ಬಾಲವನ್ನು ಎಲ್ಲಿ ಬರೆಯಬೇಕು ಅಂತ ಅವರು ಕೇಳಲಿಲ್ಲ.